ಆ್ಯಪ್ ಅಳಿಸಿದರೂ ನಿಲ್ಲದ ₹199

ಬ್ರಹ್ಮಾವರದ ಹತ್ತಿರದ ಒಂದು ಮನೆ. ಲಲಿತಮ್ಮನವರು ಪಾಸ್‌ಬುಕ್ಕನ್ನು ಊಟದ ಮೇಜಿನ ಮೇಲೆ ಬಿಡಿಸಿಟ್ಟು, ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದ ಮೊಮ್ಮಗಳಿಗೆ ಕಾಫಿ ಕೊಡುವ ಮೊದಲೇ ಕೇಳಿದರು: "ಇದೆಂತ ಮಾರಾಯ್ತಿ, ವಾರವಾರ ನೂರ ತೊಂಬತ್ತೊಂಬತ್ತು ಹೋಗ್ತಾ ಉಂಟು? ನಾನು ಯಾರಿಗೂ ಕಳಿಸ್ಲಿಲ್ಲ."

ಕಥೆ ನಾನು ಕಟ್ಟಿದ್ದು, ಹೆಸರುಗಳೂ ನಾನಿಟ್ಟವೇ. ಹಣ ಹೋದ ದಾರಿ ಮಾತ್ರ ಕಟ್ಟುಕಥೆಯಲ್ಲ. ಹಿರಿಯರ ಕೈಯಲ್ಲಿ ಸ್ಮಾರ್ಟ್‌ಫೋನ್ ಇರುವ ಯಾವ ಮನೆಯಲ್ಲೂ ಇದು ಹೀಗೆಯೇ ನಡೆಯಬಹುದು. ಹಾಗಾಗಿ ಈ ವಾರ ನಿಯಮಾವಳಿಯನ್ನು ನೇರವಾಗಿ ವಿವರಿಸುವ ಬದಲು ಲಲಿತಮ್ಮನವರ ಫೋನನ್ನೇ ಬಿಚ್ಚಿ ನೋಡೋಣ.

ಮೊಮ್ಮಗಳು ಸ್ವಾತಿ ಸಾಫ್ಟ್‌ವೇರ್ ಎಂಜಿನಿಯರ್. ಪಾಸ್‌ಬುಕ್ಕಿನ ಆ ಪುಟದಲ್ಲಿ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಒಂದು ರೂಪಾಯಿಯ ಎಂಟ್ರಿ. ಅದು ಭಾನುವಾರದ್ದು. ಮೂರು ದಿನ ಬಿಟ್ಟು ಬುಧವಾರ ₹199. ಅಲ್ಲಿಂದ ಮುಂದೆ ಪ್ರತಿ ಬುಧವಾರ ಅಷ್ಟೇ ಮೊತ್ತ, ಒಟ್ಟು ಆರು ಸಲ. ₹1,195 ಹೋಗಿತ್ತು. ತೀರಿಹೋದ ಯಜಮಾನರ ಕುಟುಂಬ ಪಿಂಚಣಿ ಬೀಳುವ ಖಾತೆ ಅದು.

"ಅಜ್ಜಿ, ಒಂದು ರೂಪಾಯಿಗೆ ಏನಾದ್ರೂ ತಗೊಂಡಿದ್ರಾ?"

ಲಲಿತಮ್ಮ ಸ್ವಲ್ಪ ಹೊತ್ತು ಯೋಚಿಸಿದರು. "ಅದು ಸುರೇಶನ ಹತ್ರ ವಿಡಿಯೋದಲ್ಲಿ ಮಾತಾಡ್ಲಿಕ್ಕೆ."

ಸುರೇಶ ಅವರ ಮಗ. ಇತ್ತೀಚೆಗಷ್ಟೇ ದುಬೈಗೆ ಕೆಲಸಕ್ಕೆ ಹೋದವನು. ದುಬೈಗೋ ಅಬುಧಾಬಿಗೋ ಯಾರನ್ನಾದರೂ ಕಳಿಸಿರುವ ಕರಾವಳಿಯ ಮನೆಗಳಿಗೆ ಮುಂದಿನ ಸಂಗತಿ ಗೊತ್ತಿರುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸಿನಲ್ಲಿ ವಾಟ್ಸ್‌ಆ್ಯಪ್‌ನ ಸಂದೇಶ ಹೋಗುತ್ತದೆ, ಫೋಟೋ ಹೋಗುತ್ತದೆ, ಧ್ವನಿ ಕರೆ ಮತ್ತು ವಿಡಿಯೋ ಕರೆ ಮಾತ್ರ ಹೋಗುವುದಿಲ್ಲ. ಇಂಟರ್ನೆಟ್ ಮೂಲಕ ಮಾಡುವ ಕರೆಗಳಿಗೆ ಅಲ್ಲಿನ ದೂರಸಂಪರ್ಕ ಪ್ರಾಧಿಕಾರದ ಅನುಮತಿ ಬೇಕು, ಅನುಮತಿ ಇರುವ ಆ್ಯಪ್‌ಗಳ ಪಟ್ಟಿಯೇ ಬೇರೆ. ಮಗನ ಮುಖ ನೋಡಲು ವಾಟ್ಸ್‌ಆ್ಯಪ್‌ನ ಕ್ಯಾಮೆರಾ ಗುರುತನ್ನು ಒತ್ತಿ ಒತ್ತಿ ಸುಸ್ತಾದ ಲಲಿತಮ್ಮನಿಗೆ ಒಂದು ಭಾನುವಾರ ಭಜನೆಯ ವಿಡಿಯೋ ನಡುವೆ ಜಾಹೀರಾತು ಕಂಡಿತು: ಯಾವ ದೇಶಕ್ಕಾದರೂ ವಿಡಿಯೋ ಕರೆ, ಬರೀ ಒಂದು ರೂಪಾಯಿಗೆ.

ಇದನ್ನು ಹಿರಿಯರ ಪೆದ್ದುತನ ಎನ್ನಲು ನನಗೆ ಮನಸ್ಸಿಲ್ಲ. ಇರುವ ದಾರಿ ಮುಚ್ಚಿತ್ತು, ಅವರು ಇನ್ನೊಂದನ್ನು ಹುಡುಕಿದರು. ತಮಾಷೆಯೆಂದರೆ ಆ ಆ್ಯಪ್‌ಗೂ ಅಲ್ಲಿ ಅನುಮತಿ ಇರಲಿಲ್ಲ. ಲಲಿತಮ್ಮ ಕರೆ ಮಾಡಿದರೆ ಸುರೇಶನ ಕಡೆ ರಿಂಗೇ ಆಗುತ್ತಿರಲಿಲ್ಲ. ಒಂದು ವಾರ ಪ್ರಯತ್ನಪಟ್ಟರು. ಎರಡನೇ ಸಲ ₹199 ಹೋದ ಮೆಸೇಜು ಬಂದಾಗ ಪಕ್ಕದ ಮನೆಯ ಹುಡುಗನನ್ನು ಕರೆದು ಆ್ಯಪ್ ತೆಗೆಸಿದರು. "ತೆಗ್ದಿದ್ದೇನೆ ಅಜ್ಜಿ, ಇನ್ನು ಹೋಗುದಿಲ್ಲ" ಎಂದು ಅವನು ಹೇಳಿಹೋದ. ಆಮೇಲೂ ನಾಲ್ಕು ಬುಧವಾರ ಹಣ ಹೋಯಿತು.

ಆ ಹುಡುಗನಿಗೆ ತಿಳಿಯದೇ ಇದ್ದ ವಿಷಯವೇ ಈ ಅಂಕಣದ ವಿಷಯ. ಹಣ ಕೀಳುತ್ತಿದ್ದುದು ಫೋನಿನಲ್ಲಿದ್ದ ಆ್ಯಪ್ ಅಲ್ಲ. ಆ್ಯಪ್ ಇರುವುದು ನೋಡಲಿಕ್ಕೆ, ಒತ್ತಲಿಕ್ಕೆ. ಯಾರು ಚಂದಾದಾರರು, ಯಾರಿಂದ ಯಾವತ್ತು ಎಷ್ಟು ವಸೂಲಿ ಮಾಡಬೇಕು ಎಂಬ ಲೆಕ್ಕವೆಲ್ಲ ಕಂಪನಿಯ ಸರ್ವರ್‌ನಲ್ಲಿರುತ್ತದೆ. ಆ ಲೆಕ್ಕದ ಪ್ರಕಾರ ಹಣ ತೆಗೆಯಲು ಕೊಟ್ಟ ಅನುಮತಿ ಬ್ಯಾಂಕು ಮತ್ತು ಯುಪಿಐ ವ್ಯವಸ್ಥೆಯಲ್ಲಿ ದಾಖಲಾಗಿರುತ್ತದೆ. ಫೋನಿನಿಂದ ಆ್ಯಪ್ ಅಳಿಸಿದರೆ ಇವೆರಡರಲ್ಲಿ ಒಂದೂ ಅಳಿಯುವುದಿಲ್ಲ. ಫೋನನ್ನೇ ಬಾವಿಗೆ ಎಸೆದರೂ ಬುಧವಾರ ಹಣ ಹೋಗುತ್ತದೆ.

ಸ್ವಾತಿ ಇದನ್ನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಗೇ ಹೊಳೆದುಬಿಟ್ಟಿತು. "ಪೇಪರು ಓದುದು ಬಿಟ್ರೆ ಆಗುದಿಲ್ಲ, ಏಜೆಂಟನಿಗೆ ಬೇಡ ಅಂತ ಹೇಳ್ಬೇಕು. ಹಾಗೆ ಅಲ್ವಾ?"

ಹಾಗೆಯೇ. ಆದರೆ ಇಲ್ಲಿ ಏಜೆಂಟ ಯಾರು ಎಂದು ಪತ್ತೆ ಮಾಡುವುದೇ ಅರ್ಧ ಕೆಲಸ.

ಸ್ವಾತಿ ಮೊದಲು ಹುಡುಕಿದ್ದು ಪ್ಲೇ ಸ್ಟೋರ್‌ನಲ್ಲಿ. ಮೇಲಿನ ಮೂಲೆಯ ಫೋಟೋ ಒತ್ತಿ, ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್, ಅದರೊಳಗೆ ಸಬ್‌ಸ್ಕ್ರಿಪ್ಷನ್ಸ್. ಆ್ಯಪ್‌ನ ಚಂದಾವನ್ನು ಗೂಗಲ್ ಪ್ಲೇ ಮೂಲಕವೇ ಕಟ್ಟಿದ್ದರೆ ಅದು ಇಲ್ಲಿ ಕಾಣಬೇಕು, ಇಲ್ಲಿಯೇ ರದ್ದಾಗಬೇಕು. ಅಜ್ಜಿಯ ಫೋನಿನಲ್ಲಿ ಪಟ್ಟಿ ಖಾಲಿ. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಹಿರಿಯರ ಫೋನುಗಳಲ್ಲಿ ಎರಡು ಮೂರು ಗೂಗಲ್ ಖಾತೆಗಳಿರುವುದು ಸಾಮಾನ್ಯ. ಫೋನು ಕೊಡಿಸಿದ ಮಗನದ್ದೊಂದು, ಅಂಗಡಿಯವನು ಮಾಡಿಕೊಟ್ಟದ್ದೊಂದು. ಚಂದಾ ಯಾವ ಖಾತೆಯಲ್ಲಿ ಶುರುವಾಗಿದೆಯೋ ಆ ಖಾತೆಗೆ ಬದಲಿಸಿ ನೋಡಿದಾಗ ಮಾತ್ರ ಕಾಣುತ್ತದೆ. ಸ್ವಾತಿ ಎರಡೂ ಖಾತೆಗಳಲ್ಲಿ ನೋಡಿದಳು. ಎರಡೂ ಖಾಲಿಯೇ. ಅಂದರೆ ಈ ಕಂಪನಿ ಪ್ಲೇ ಸ್ಟೋರನ್ನು ಬದಿಗಿಟ್ಟು, ನೇರವಾಗಿ ಯುಪಿಐ ಮೂಲಕ ಅನುಮತಿ ಪಡೆದಿದೆ.

ಅದಕ್ಕೆ ಸಾಕ್ಷಿ ಪಾಸ್‌ಬುಕ್ಕಿನಲ್ಲೇ ಇತ್ತು. ₹199ರ ಸಾಲಿನಲ್ಲಿ ಆ್ಯಪ್‌ನ ಹೆಸರು ಇರಲಿಲ್ಲ. ಯಾವುದೋ 'ಟೆಕ್ನಾಲಜೀಸ್ ಪ್ರೈವೇಟ್ ಲಿಮಿಟೆಡ್' ಎಂಬ ಹೆಸರಿನ ಅರ್ಧ ಮಾತ್ರ ಅಚ್ಚಾಗಿತ್ತು. ಆ್ಯಪ್‌ಗೆ ಒಂದು ಹೆಸರು, ಅದರ ಹಿಂದಿನ ಕಂಪನಿಗೆ ಇನ್ನೊಂದು ಹೆಸರು ಇರುವುದು ಮಾಮೂಲು. ಹಣ ಹೋದ ಹೆಸರು ಗುರುತು ಸಿಗದೆ ಎಷ್ಟೋ ಜನ ಇದನ್ನು ಬ್ಯಾಂಕಿನ ಶುಲ್ಕ ಎಂದುಕೊಂಡು ಸುಮ್ಮನಾಗುತ್ತಾರೆ. ಆದರೆ ಆ ಸಾಲಿನಲ್ಲಿ UPI ಎಂಬುದರ ಜೊತೆ MANDATE ಎಂಬ ಪದವೂ ಇತ್ತು. ಬ್ಯಾಂಕಿನಿಂದ ಬ್ಯಾಂಕಿಗೆ ಈ ಬರಹ ಬೇರೆಯಾದರೂ, ಮ್ಯಾಂಡೇಟ್ ಎಂದು ಕಂಡರೆ ಅದು ನೀವು ಆಗ ಕಳಿಸಿದ ಹಣವಲ್ಲ, ಹಿಂದೆಂದೋ ಕೊಟ್ಟ ಅನುಮತಿಯ ಮೇಲೆ ತಾನಾಗಿ ಹೋದ ಹಣ.

ಈ ಮ್ಯಾಂಡೇಟ್ ಎಂದರೇನು? ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, 2020ರ ಜುಲೈನಲ್ಲಿ ಯುಪಿಐ ಆಟೊಪೇ ಎಂಬ ಸೌಲಭ್ಯ ತಂದಿತು. ವಿಮೆಯ ಕಂತು, ಕರೆಂಟ್ ಬಿಲ್, ಮೊಬೈಲ್ ರೀಚಾರ್ಜ್ ಮುಂತಾಗಿ ಮತ್ತೆ ಮತ್ತೆ ಕಟ್ಟುವ ಹಣಕ್ಕೆ ಪ್ರತಿ ಸಲ ಪಿನ್ ಒತ್ತುವ ರಗಳೆ ಬೇಡ ಎಂಬುದು ಉದ್ದೇಶ. ಒಂದು ಸಲ ಪಿನ್ ಒತ್ತಿ ಅನುಮತಿ ಕೊಟ್ಟರೆ ಮುಂದಿನ ಕಂತುಗಳು ತಾವಾಗಿಯೇ ಹೋಗುತ್ತವೆ. ಹೆಚ್ಚಿನ ಪಾವತಿಗಳಿಗೆ ₹15,000ದ ತನಕ ಮತ್ತೆ ಪಿನ್ ಕೇಳುವುದಿಲ್ಲ. ಸೌಲಭ್ಯ ಒಳ್ಳೆಯದೇ. ನನ್ನ ವಿಮೆ ಕಂತು ಹೀಗೆಯೇ ಹೋಗುತ್ತದೆ. ಆದರೆ ಅದೇ ಬಾಗಿಲಲ್ಲಿ ಒಂದು ರೂಪಾಯಿಯ ಜಾಹೀರಾತಿನವರೂ ನುಗ್ಗಿದ್ದಾರೆ.

ಲಲಿತಮ್ಮ ಭಾನುವಾರ ಒತ್ತಿದ ಪಿನ್ ಒಂದು ರೂಪಾಯಿ ಕಳಿಸುವುದಕ್ಕೆ ಎಂದೇ ಅವರು ತಿಳಿದಿದ್ದರು. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕಂಡದ್ದು ₹1. ಅದರ ಕೆಳಗೆ ಬೂದು ಬಣ್ಣದ ಸಣ್ಣ ಇಂಗ್ಲಿಷಿನಲ್ಲಿ, ಮೂರು ದಿನದ ನಂತರ ವಾರಕ್ಕೆ ₹199 ಎಂದಿತ್ತು. ಕನ್ನಡಕ ಹಾಕಿಕೊಂಡಿದ್ದರೂ ಅದು ಅವರಿಗೆ ಓದಲಾಗುವ ಬರಹವಲ್ಲ. ವಾರಕ್ಕೆ ₹199 ಎಂದರೆ ವರ್ಷಕ್ಕೆ ₹10,348. ವರ್ಷದ ಲೆಕ್ಕ ಬರೆದರೆ ಯಾರೂ ಒಪ್ಪುವುದಿಲ್ಲವೆಂದೇ ವಾರದ ಲೆಕ್ಕ ಬರೆಯುತ್ತಾರೆ.

ಕಾಫಿ ಮುಗಿದ ಮೇಲೆ ಸ್ವಾತಿ ಅಜ್ಜಿಯ ಯುಪಿಐ ಆ್ಯಪ್ ತೆರೆದಳು. ಯಾವ ಯುಪಿಐ ಆ್ಯಪ್ ಎಂಬುದು ಮುಖ್ಯ. ಎರಡು ಮೂರು ಆ್ಯಪ್‌ಗಳಿದ್ದರೆ, ಅಂದು ಒಂದು ರೂಪಾಯಿ ಯಾವುದರಲ್ಲಿ ಹೋಗಿತ್ತೋ ಅದನ್ನೇ ಮೊದಲು ತೆರೆಯಬೇಕು. ಪ್ರೊಫೈಲ್ ಚಿತ್ರ ಒತ್ತಿದರೆ ಬರುವ ಪಟ್ಟಿಯಲ್ಲಿ AutoPay ಎಂದೋ ಮ್ಯಾಂಡೇಟ್ಸ್ ಎಂದೋ ಒಂದು ಸಾಲಿರುತ್ತದೆ. ಮುಖಪುಟದಲ್ಲಿ ಅದು ಕಾಣುವುದಿಲ್ಲ. ಹಣ ಕಳಿಸುವ ಗುಂಡಿ ಎಷ್ಟು ದೊಡ್ಡದೋ ಹಣ ನಿಲ್ಲಿಸುವ ಗುಂಡಿ ಅಷ್ಟೇ ಸಣ್ಣದು. ಇದರಲ್ಲಿ ಯಾವ ಕಂಪನಿಯೂ ಇನ್ನೊಂದಕ್ಕಿಂತ ಉತ್ತಮ ಎಂದು ನನಗೆ ಅನಿಸಿಲ್ಲ.

ಅಲ್ಲಿ ಮೂರು ಮ್ಯಾಂಡೇಟ್‌ಗಳಿದ್ದವು. ಒಂದು ಮೊಬೈಲ್ ರೀಚಾರ್ಜಿನದು. ಇನ್ನೊಂದು ವಿಮೆಯದು, ಸುರೇಶನೇ ಮಾಡಿಟ್ಟು ಹೋದದ್ದು. ಮೂರನೆಯದು ಪಾಸ್‌ಬುಕ್ಕಿನಲ್ಲಿದ್ದ ಆ ಅರ್ಧ ಹೆಸರಿನ ಕಂಪನಿಯದು. ಸಿಟ್ಟಿನಲ್ಲಿ ಎಲ್ಲವನ್ನೂ ತೆಗೆದುಬಿಡುವುದು ಸುಲಭ, ಆದರೆ ಹಾಗೆ ಮಾಡಿದವರ ವಿಮೆ ಕಂತು ತಪ್ಪಿ ಪಾಲಿಸಿ ನಿಂತುಹೋಗಬಹುದು. ಸ್ವಾತಿ ಮೂರನೆಯದನ್ನು ಮಾತ್ರ ಒತ್ತಿದಳು.

ಆ ಪುಟವನ್ನು ಸ್ವಲ್ಪ ನಿಧಾನವಾಗಿ ಓದಬೇಕು, ಏಕೆಂದರೆ ಅನುಮತಿಯ ಪೂರ್ತಿ ಜಾತಕ ಇರುವುದು ಅಲ್ಲಿ. ಹಣ ಪಡೆಯುವವರ ಹೆಸರು, ಎಷ್ಟು ದಿನಕ್ಕೊಮ್ಮೆ, ಯಾವತ್ತಿನಿಂದ ಯಾವತ್ತಿನ ತನಕ, ಎಷ್ಟು ಮೊತ್ತ, ಕೊನೆಯಲ್ಲಿ ಅಕ್ಷರ ಅಂಕಿಗಳು ಬೆರೆತ ಒಂದು ಉದ್ದ ಸಂಖ್ಯೆ. ಲಲಿತಮ್ಮನ ಮ್ಯಾಂಡೇಟ್‌ನ ಕೊನೆಯ ದಿನಾಂಕ ಮೂವತ್ತು ವರ್ಷದಾಚೆ ಇತ್ತು. ಅಜ್ಜಿ ನಕ್ಕರು: "ಅಷ್ಟು ದಿನ ನಾನಿರ್ತೇನೆ ಅಂತ ಅವ್ರಿಗೆ ಯಾರು ಹೇಳಿದ್ದು?"

ಸ್ವಾತಿಯನ್ನು ನಗಿಸದೇ ಇದ್ದದ್ದು ಮೊತ್ತದ ಸಾಲು. ಅಲ್ಲಿ ₹199 ಇರಲಿಲ್ಲ. ₹999ರ ತನಕ ಎಂದಿತ್ತು. ಮ್ಯಾಂಡೇಟ್‌ನಲ್ಲಿ ಎರಡು ಬಗೆಯುಂಟು. ಒಂದರಲ್ಲಿ ಮೊತ್ತ ನಿಗದಿ, ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇನ್ನೊಂದರಲ್ಲಿ ಗರಿಷ್ಠ ಮಿತಿ ಮಾತ್ರ ಇರುತ್ತದೆ, ಅದರೊಳಗೆ ಎಷ್ಟು ಬೇಕಾದರೂ ಕೇಳಬಹುದು. ಕರೆಂಟ್ ಬಿಲ್ಲಿಗೆ ಎರಡನೆಯದು ಬೇಕೇ ಬೇಕು, ತಿಂಗಳಿಂದ ತಿಂಗಳಿಗೆ ಬಿಲ್ಲು ಬದಲಾಗುತ್ತದಲ್ಲ. ವಾರಕ್ಕೆ ಇಷ್ಟೇ ಎಂದು ಬೆಲೆ ಹೇಳಿದ ಆ್ಯಪ್‌ಗೆ ಅದು ಏಕೆ ಬೇಕು? ನಾಳೆ ಆ ಕಂಪನಿ ಬೆಲೆಯನ್ನು ₹499 ಮಾಡಿದರೆ ಹೊಸ ಪಿನ್ ಕೇಳುವ ಅಗತ್ಯವೇ ಇಲ್ಲ. ಹಳೆಯ ಅನುಮತಿಯೇ ಸಾಕು.

ಹಾಗಾದರೆ ಹಣ ಹೋಗುವ ಮೊದಲು ಯಾರೂ ಹೇಳುವುದಿಲ್ಲವೇ? ಹೇಳಬೇಕು. ಇಂಥ ಪ್ರತಿ ಕಂತಿಗೂ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು, ಅದರಲ್ಲಿ ಯಾರಿಗೆ, ಎಷ್ಟು, ಯಾವತ್ತು ಎಂಬುದೆಲ್ಲ ಇರಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. 2019ರ ಆಗಸ್ಟ್‌ನಲ್ಲಿ ಕಾರ್ಡುಗಳಿಗೆಂದು ಮಾಡಿದ ಚೌಕಟ್ಟು ಅದು, 2020ರ ಜನವರಿಯಲ್ಲಿ ಯುಪಿಐಗೂ ಅನ್ವಯವಾಯಿತು. ಸ್ವಾತಿ ಮೆಸೇಜುಗಳಲ್ಲಿ ಹುಡುಕಿದಾಗ ಆರೂ ಸೂಚನೆಗಳು ಸಿಕ್ಕವು. ಪ್ರತಿ ಮಂಗಳವಾರ ಬಂದಿದ್ದವು, ಸಾಲದ ಆಮಿಷ ಮತ್ತು ರೀಚಾರ್ಜ್ ಆಫರುಗಳ ರಾಶಿಯ ನಡುವೆ, ಇಂಗ್ಲಿಷಿನಲ್ಲಿ, ಕಂಪನಿಯ ಅದೇ ಅಪರಿಚಿತ ಹೆಸರಿನಲ್ಲಿ. ಕಡತದಲ್ಲಿ ನಿಯಮ ಪಾಲನೆಯಾಗಿದೆ. ಓದಬೇಕಾದವರಿಗೆ ಮಾತ್ರ ತಲುಪಿಲ್ಲ. ಅಜ್ಜಿಯ ಊರು, ವಯಸ್ಸು, ಭಾಷೆ ಎಲ್ಲ ಗೊತ್ತಿರುವ ಬ್ಯಾಂಕು ಈ ಒಂದು ಮೆಸೇಜನ್ನು ಕನ್ನಡದಲ್ಲಿ ಕಳಿಸಿದ್ದರೆ ಈ ಕಥೆ ಮೊದಲ ಮಂಗಳವಾರವೇ ಮುಗಿಯುತ್ತಿತ್ತು.

ಹಣ ಕಡಿತದ ಮೆಸೇಜು ಹೆಚ್ಚಾಗಿ ನಸುಕಿನಲ್ಲಿ ಬರುತ್ತಿತ್ತು. ಅದಕ್ಕೂ ಕಾರಣ ಉಂಟು. ವ್ಯವಸ್ಥೆಯ ಮೇಲಿನ ಒತ್ತಡ ತಗ್ಗಿಸಲು 2025ರ ಆಗಸ್ಟ್‌ನಿಂದ ಆಟೊಪೇ ಕಂತುಗಳನ್ನು ಜನದಟ್ಟಣೆಯ ಹೊತ್ತು ಬಿಟ್ಟು ನಡೆಸಬೇಕು ಎಂದು ಎನ್‌ಪಿಸಿಐ ಹೇಳಿದೆ. ಬೆಳಗಿನ ಹತ್ತರ ಒಳಗೆ, ಮಧ್ಯಾಹ್ನ ಒಂದರಿಂದ ಐದು, ಇಲ್ಲವೇ ರಾತ್ರಿ ಒಂಬತ್ತೂವರೆ ನಂತರ. ಎದ್ದು ಹಾಲು ಕಾಯಿಸುವ ಮೊದಲೇ ಹಣ ಹೋಗಿರುತ್ತದೆ.

"ಖಾತೆಯಲ್ಲಿ ದುಡ್ಡೇ ಇಡದಿದ್ರೆ?" ಎಂದು ಲಲಿತಮ್ಮ ಕೇಳಿದರು. ಪಕ್ಕದ ಮನೆಯ ಹುಡುಗನ ಎರಡನೇ ಸಲಹೆ ಅದು.

ಮೊದಲ ಪ್ರಯತ್ನ ತಪ್ಪಿದರೆ ಇನ್ನೂ ಮೂರು ಸಲ ಪ್ರಯತ್ನಿಸಲು ಅವಕಾಶವಿದೆ ಎಂದು ಸ್ವಾತಿ ಹೇಳಿದಳು. ಈ ವಾರ ಸಿಗದಿದ್ದರೆ ಮುಂದಿನ ವಾರ ಮತ್ತೆ ಬರುತ್ತಾರೆ. ಪಿಂಚಣಿ ಬೀಳುವ ಖಾತೆಯನ್ನು ಎಷ್ಟು ದಿನ ಖಾಲಿ ಇಡುವುದು?

ಆ ಹುಡುಗನ ಮೂರನೇ ಸಲಹೆ ಇನ್ನೂ ಅಪಾಯದ್ದು: ಗೂಗಲ್‌ನಲ್ಲಿ ಆ ಆ್ಯಪ್‌ನ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡುವುದು. ಪುಣ್ಯಕ್ಕೆ ಲಲಿತಮ್ಮ ಮಾಡಿರಲಿಲ್ಲ. ಹಾಗೆ ಹುಡುಕಿದಾಗ ಸಿಗುವ ನಂಬರುಗಳಲ್ಲಿ ವಂಚಕರು ಬಿತ್ತಿಟ್ಟವೂ ಇರುತ್ತವೆ. ಹಣ ವಾಪಸ್ ಕೊಡುತ್ತೇವೆ, ಒಂದು ಆ್ಯಪ್ ಹಾಕಿಕೊಳ್ಳಿ, ಸ್ಕ್ರೀನ್ ತೋರಿಸಿ, ಪಿನ್ ಒತ್ತಿ ಎನ್ನುತ್ತಾರೆ. ₹199 ನಿಲ್ಲಿಸಲು ಹೋದವರ ಖಾತೆ ಅಲ್ಲಿಗೆ ಬರಿದಾಗುತ್ತದೆ. ಆಟೊಪೇ ನಿಲ್ಲಿಸಲು ಯಾರಿಗೂ ಫೋನ್ ಮಾಡಬೇಕಿಲ್ಲ. ಎಲ್ಲವೂ ನಿಮ್ಮ ಯುಪಿಐ ಆ್ಯಪ್ ಒಳಗೇ ಮುಗಿಯುತ್ತದೆ.

ಮ್ಯಾಂಡೇಟ್ ಪುಟದ ಕೆಳಗೆ ಎರಡು ಗುಂಡಿಗಳಿದ್ದವು, Pause ಮತ್ತು Revoke. ಮೊದಲನೆಯದು ಸ್ವಲ್ಪ ದಿನದ ಮಟ್ಟಿಗೆ ತಡೆಯುತ್ತದೆ. ಅವಧಿ ಮುಗಿದರೆ ಕಂತು ಮತ್ತೆ ಶುರು. ಎರಡನೆಯದು ಅನುಮತಿಯನ್ನೇ ಹಿಂದಕ್ಕೆ ಪಡೆಯುವುದು. ಸ್ವಾತಿ Revoke ಒತ್ತಿ ಫೋನನ್ನು ಅಜ್ಜಿಯ ಮುಂದೆ ಹಿಡಿದಳು. "ಪಿನ್ ಒತ್ತಿ ಅಜ್ಜಿ."

ಲಲಿತಮ್ಮ ಕೈ ಹಿಂದೆಗೆದುಕೊಂಡರು. "ಪಿನ್ ಒತ್ತಿದ್ರೆ ದುಡ್ಡು ಹೋಗ್ತದೆ ಅಂತ ನೀನೇ ಹೇಳಿದ್ದು."

ಹೇಳಿದ್ದು ಹೌದು. ಹಿರಿಯರಿಗೆ ನಾವೆಲ್ಲ ಕಲಿಸಿರುವುದು ಅದನ್ನೇ, ಕಲಿಸಬೇಕಾದದ್ದೂ ಹೌದು. ಹಣ ಬರುವುದಕ್ಕೆ ಎಂದೂ ಪಿನ್ ಬೇಡ, ಯಾರಾದರೂ ಹಾಗೆ ಕೇಳಿದರೆ ಅದು ಮೋಸ. ಆದರೆ ಪಿನ್ ಇರುವುದು ಹಣ ಕಳಿಸಲಿಕ್ಕೆ ಮಾತ್ರ ಅಲ್ಲ, ಖಾತೆಯ ಮೇಲೆ ಕೊಟ್ಟ ಅನುಮತಿಯನ್ನು ವಾಪಸ್ ಪಡೆಯುವವರು ಖಾತೆದಾರರೇ ಹೌದೋ ಎಂದು ತಿಳಿಯಲೂ ಅದೇ ಬೇಕು. ಸ್ವಾತಿ ಪಿನ್ ಪುಟವನ್ನು ಓದಿ ಹೇಳಿದಳು. ಅಲ್ಲಿ ಹಣ ಕಳಿಸುವ ಮಾತಿಲ್ಲ, ಮ್ಯಾಂಡೇಟ್ ರದ್ದು ಎಂದಿದೆ. ಅಜ್ಜಿ ಎರಡು ಸಲ ಕೇಳಿಸಿಕೊಂಡರು. ಆಮೇಲೆ ಮೊಮ್ಮಗಳಿಗೂ ಕಾಣದಂತೆ ಸೆರಗು ಅಡ್ಡ ಹಿಡಿದು ಪಿನ್ ಒತ್ತಿದರು. ಅದಕ್ಕೆ ನೂರಕ್ಕೆ ನೂರು ಅಂಕ ಕೊಡಬೇಕು.

ಸ್ವಲ್ಪ ಹೊತ್ತಿಗೆ ಬ್ಯಾಂಕಿನ ಮೆಸೇಜು ಬಂತು, ಮ್ಯಾಂಡೇಟ್ ರದ್ದಾಗಿದೆ ಎಂದು. ಆಟೊಪೇ ಪಟ್ಟಿಯಲ್ಲೂ ಆ ಸಾಲು ಚಾಲ್ತಿಯಲ್ಲಿರುವ ಪಟ್ಟಿಯಿಂದ ಇಳಿದು ರದ್ದಾದವುಗಳ ಪಟ್ಟಿ ಸೇರಿತ್ತು. ಕೆಲಸ ಆಗಿದೆ ಎನ್ನಲು ಇವೆರಡೂ ಬೇಕು. ಸ್ವಾತಿ ಎರಡರ ಸ್ಕ್ರೀನ್‌ಶಾಟ್ ತೆಗೆದಳು, ಆ ಉದ್ದ ಸಂಖ್ಯೆ ಪೂರ್ತಿ ಕಾಣುವಂತೆ. ಪ್ರತಿ ಮ್ಯಾಂಡೇಟ್‌ಗೂ ಅದೇ ಗುರುತಿನ ಸಂಖ್ಯೆ. ಇದಾದ ಮೇಲೂ ಹಣ ಹೋದರೆ ಅದು ಆ್ಯಪ್ ಕಂಪನಿಯ ಜೊತೆಗಿನ ಜಗಳವಾಗಿ ಉಳಿಯುವುದಿಲ್ಲ. ಅನುಮತಿ ಇಲ್ಲದೆ ಖಾತೆಯಿಂದ ಹಣ ಹೋಗಿದೆ ಎಂದು ಬ್ಯಾಂಕಿಗೇ ದೂರು ಕೊಡಬೇಕು. ಬ್ಯಾಂಕು 30 ದಿನದಲ್ಲಿ ಸರಿಪಡಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಹೋಗುತ್ತದೆ.

ಅನುಮತಿ ಕಿತ್ತ ಮೇಲೆ ಸ್ವಾತಿ ಆ ಆ್ಯಪ್ ಅನ್ನು ಮತ್ತೆ ಹಾಕಿಸಿದಳು. ಅಜ್ಜಿಗೆ ಗಾಬರಿ. ಆದರೆ ಇದಕ್ಕೂ ಕಾರಣವಿತ್ತು. ಬ್ಯಾಂಕಿನ ಕಡೆ ಬಾಗಿಲು ಮುಚ್ಚಿದರೂ ಕಂಪನಿಯ ಸರ್ವರ್‌ನಲ್ಲಿ ಲಲಿತಮ್ಮ ಇನ್ನೂ ಚಂದಾದಾರರೇ. ಬಾಕಿ ಉಂಟು, ಕಟ್ಟಿ ಎಂದು ಮೆಸೇಜು ಬರುತ್ತಿರುತ್ತದೆ, ಯಾವತ್ತೋ ಒಂದು ದಿನ ಹೆದರಿ ಅದನ್ನು ಒತ್ತಿದರೆ ಹೊಸ ಮ್ಯಾಂಡೇಟ್ ತಯಾರು. ಹಾಗಾಗಿ ಅಲ್ಲೂ ರದ್ದು ಮಾಡಬೇಕು. ಕ್ರಮ ಮಾತ್ರ ಹೀಗೇ ಇರಲಿ, ಮೊದಲು ಯುಪಿಐ, ಆಮೇಲೆ ಆ್ಯಪ್. ಏಕೆ ಎಂಬುದು ಆ್ಯಪ್ ಒಳಗೆ ಹೋದಾಗ ತಿಳಿಯಿತು. ಖಾತೆ, ಸಹಾಯ, ಸದಸ್ಯತ್ವ ಎಂದು ಒಂದರೊಳಗೊಂದು ಪುಟ. ರದ್ದು ಮಾಡಬೇಕೇ ಎಂದು ಕೇಳುವ ಮೊದಲು ಅರ್ಧ ಬೆಲೆಗೆ ಮುಂದುವರಿಸಿ ಎಂಬ ದೊಡ್ಡ ಹಸಿರು ಗುಂಡಿ. ರದ್ದು ಎಂಬುದು ಅದರಡಿಯಲ್ಲಿ, ಗುಂಡಿಯಂತೆಯೇ ಕಾಣದ ಒಂದು ಸಾಲು. ಅದನ್ನು ಒತ್ತಿದರೂ ಕಾರಣ ಬರೆದು ಇಮೇಲ್ ಮಾಡಿ ಎಂಬ ಉತ್ತರ. ಸ್ವಾತಿಗೆ ಈ ಪುಟಗಳು ಹೇಗೆ ಹುಟ್ಟುತ್ತವೆ ಎಂದು ಗೊತ್ತು. ಯಾವ ಗುಂಡಿಗೆ ಯಾವ ಬಣ್ಣ ಹಚ್ಚಿದರೆ ಎಷ್ಟು ಜನ ಉಳಿಯುತ್ತಾರೆ ಎಂದು ಲೆಕ್ಕ ಹಾಕಿಯೇ ಇಂಥವನ್ನು ಮಾಡುತ್ತಾರೆ. ಎಡವಟ್ಟಾಗಿ ಆದ ವಿನ್ಯಾಸ ಅಲ್ಲ ಅದು.

ಕಾನೂನು ಇದಕ್ಕೊಂದು ಹೆಸರಿಟ್ಟಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಡಾರ್ಕ್ ಪ್ಯಾಟರ್ನ್ ಎಂಬ 13 ಬಗೆಯ ಪರದೆಯ ಮೋಸಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಅದರಲ್ಲೊಂದು ಚಂದಾ ಬಲೆ. ರದ್ದತಿಯನ್ನು ಅಸಾಧ್ಯವೋ ಜಟಿಲವೋ ಮಾಡುವುದು, ರದ್ದು ಮಾಡುವ ಆಯ್ಕೆಯನ್ನು ಅಡಗಿಸುವುದು ಮಾತ್ರವಲ್ಲ, ಉಚಿತ ಚಂದಾ ಕೊಡುವುದಕ್ಕೆ ಹಣ ತಾನಾಗಿ ಕಡಿತವಾಗುವ ಅನುಮತಿ ಕೇಳಿ ಒತ್ತಾಯಿಸುವುದೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಉಚಿತ ಎನ್ನದೆ ಒಂದು ರೂಪಾಯಿ ಎನ್ನುವುದರಲ್ಲಿ ಜಾಣತನ ಇರಬಹುದೇನೋ, ಗೊಂದಲದ ಬರಹದಿಂದ ಚಂದಾ ಕಟ್ಟಿಸುವ ತಪ್ಪು ಹೇಗೂ ಉಳಿಯುತ್ತದೆ.

ಸ್ವಾತಿ ಇಮೇಲ್ ಬರೆದಳು, ಭಾಷಣ ಬಿಗಿಯದೆ. ಯಾವ ಮೊಬೈಲ್ ಸಂಖ್ಯೆಯ ಖಾತೆ, ಮ್ಯಾಂಡೇಟ್ ಸಂಖ್ಯೆ ಯಾವುದು, ಯಾವ ಯಾವ ದಿನ ₹199 ಹೋಗಿದೆ, ಚಂದಾ ರದ್ದು ಮಾಡಿ ಹಣ ಹಿಂತಿರುಗಿಸಿ. ಜೊತೆಗೆ ಎಂಜಿನಿಯರ್ ಆದವಳಿಗೆ ಮಾತ್ರ ಹೊಳೆಯುವಂಥ ಒಂದು ಸಾಲು ಸೇರಿಸಿದಳು: ಈ ಖಾತೆಯಿಂದ ಕೊನೆಯ ಸಲ ಆ್ಯಪ್ ತೆರೆದದ್ದು ಯಾವತ್ತು, ಎಷ್ಟು ಕರೆಗಳು ಕೂಡಿಬಂದಿವೆ ಎಂಬ ದಾಖಲೆ ನಿಮ್ಮ ಸರ್ವರ್‌ನಲ್ಲಿ ಇರುತ್ತದೆ, ದಯವಿಟ್ಟು ಅದನ್ನು ನೋಡಿ ಉತ್ತರಿಸಿ. ಕೂಡಿಬಂದ ಕರೆಗಳು ಸೊನ್ನೆ ಎಂಬುದು ಅವಳಿಗೆ ಗೊತ್ತಿತ್ತು.

ಉತ್ತರ ಎರಡು ಸಾಲಿನದು. ನಮ್ಮ ಷರತ್ತಿನ ಪ್ರಕಾರ ಹಣ ಹಿಂತಿರುಗಿಸಲಾಗುವುದಿಲ್ಲ. ಆ ಉತ್ತರವನ್ನೇ ಲಗತ್ತಿಸಿ ಸ್ವಾತಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದಳು. ಸಹಾಯವಾಣಿ ನ್ಯಾಯಾಲಯವಲ್ಲ. ದೂರನ್ನು ಕಂಪನಿಗೆ ದಾಟಿಸಿ, ಉತ್ತರ ಕೇಳಿ, ರಾಜಿ ಮಾಡಿಸಲು ನೋಡುತ್ತದೆ, ಅಷ್ಟೇ. ಕಂಪನಿ ಒಪ್ಪದಿದ್ದರೆ ಮುಂದೆ ಗ್ರಾಹಕ ಆಯೋಗಕ್ಕೆ ಹೋಗಬೇಕು. ಈ ಕಥೆಯಲ್ಲಿ ಕಂಪನಿ ಅಲ್ಲಿಯ ತನಕ ಎಳೆಯಲಿಲ್ಲ. ಆ್ಯಪ್ ಅಳಿಸಿದ ನಂತರದ ನಾಲ್ಕು ಕಂತು, ₹796, ಖಾತೆಗೆ ಬಂತು. ಮೊದಲ ಎರಡು ಕಂತು ಹೋದದ್ದು ಹೋಯಿತು. ಇದು ಸಾಧಾರಣವಾಗಿ ಸಿಗುವಷ್ಟೇ ನ್ಯಾಯ. ಪ್ಲೇ ಸ್ಟೋರ್ ಮೂಲಕ ಕಟ್ಟಿದ ಚಂದಾ ಆಗಿದ್ದರೆ ಹಣ ಕಡಿತವಾದ 48 ಗಂಟೆಯೊಳಗೆ ಗೂಗಲ್‌ಗೇ ನೇರ ಮನವಿ ಮಾಡಬಹುದಿತ್ತು. ತಡವಾದರೆ ಅಲ್ಲೂ ಆ್ಯಪ್ ಕಂಪನಿಯ ಬಳಿಗೇ ಹೋಗಿ ಎನ್ನುತ್ತಾರೆ.

ಸುರೇಶನ ಮುಖ ನೋಡುವ ವಿಷಯ ಇನ್ನೂ ಬಾಕಿ ಇತ್ತಲ್ಲ. ಆಟೊಪೇ ನಿಲ್ಲಿಸಿ ಮೊಮ್ಮಗಳು ಬಸ್ ಹತ್ತಿದರೆ ಅಜ್ಜಿ ಮುಂದಿನ ಭಾನುವಾರ ಇನ್ನೊಂದು ಜಾಹೀರಾತು ಒತ್ತುವುದು ಖಂಡಿತ. ಎಮಿರೇಟ್ಸಿನಲ್ಲಿ ಅನುಮತಿ ಇರುವ ಪಟ್ಟಿಯಲ್ಲಿ ಜೂಮ್, ಮೈಕ್ರೋಸಾಫ್ಟ್ ಟೀಮ್ಸ್, ಬೋಟಿಮ್ ಮುಂತಾದವು ಇವೆ. ಜೂಮ್‌ನ ಉಚಿತ ಖಾತೆಯಲ್ಲಿ ಒಂದು ಸಭೆ 40 ನಿಮಿಷಕ್ಕೆ ಮುಗಿಯುತ್ತದೆ. ತಾಯಿ ಮಗನ ಮಾತಿಗೆ ಸಾಲದು ಎನಿಸಿದರೆ ಅದೇ ಕೊಂಡಿಯನ್ನು ಮತ್ತೊಮ್ಮೆ ಒತ್ತಿದರಾಯಿತು. ಸುರೇಶ ಅಲ್ಲಿಂದ ವಾಟ್ಸ್‌ಆ್ಯಪ್‌ಗೆ ಕೊಂಡಿ ಕಳಿಸುವುದು, ಲಲಿತಮ್ಮ ನೀಲಿ ಅಕ್ಷರ ಒತ್ತುವುದು ಎಂದು ತೀರ್ಮಾನವಾಯಿತು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಲ್ಲಿ ಭಾನುವಾರ ರಜೆ. ಇಲ್ಲಿ ಹತ್ತು ಗಂಟೆಗೆ ಅಲ್ಲಿ ಎಂಟೂವರೆ. ಸುರೇಶ ಹಾಸಿಗೆಯಿಂದಲೇ ಮಾತಾಡಿದ, ತಲೆ ಬಾಚದ ಮಗನನ್ನು ಕಂಡು ಲಲಿತಮ್ಮ ಮೊದಲ ಐದು ನಿಮಿಷ ಬೈದರು.

ಬುಧವಾರ ₹199 ಹೋಗಲಿಲ್ಲ.

ನಿಮ್ಮ ಮನೆಯ ಹಿರಿಯರ ಫೋನು ಕೈಗೆ ಸಿಕ್ಕಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಯುಪಿಐ ಆ್ಯಪ್‌ನ ಆಟೊಪೇ ಪಟ್ಟಿ ತೆರೆಯಿರಿ. ಗುರುತಿಲ್ಲದ ಹೆಸರಿದ್ದರೆ ಗರಿಷ್ಠ ಮೊತ್ತ ಎಷ್ಟು, ಕೊನೆಯ ದಿನಾಂಕ ಯಾವುದು ಎಂದು ನೋಡಿ, ಅವರಿಗೆ ಓದಿ ಹೇಳಿ, ರದ್ದು ಮಾಡುವಾಗ ಪಿನ್ ಅವರೇ ಒತ್ತಲಿ. ಆಮೇಲೆ ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ ಪಟ್ಟಿಯನ್ನೂ ಫೋನಿನಲ್ಲಿರುವ ಪ್ರತಿ ಗೂಗಲ್ ಖಾತೆಯಲ್ಲಿ ನೋಡಿ. ಹೋದ ಹಣ ಕೇಳಲು ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರ ತನಕ, ಕನ್ನಡದಲ್ಲೇ ಮಾತಾಡಬಹುದು. ನಕಲಿ ಕಸ್ಟಮರ್ ಕೇರ್‌ನವರ ಬಲೆಗೆ ಬಿದ್ದು ಹಣ ಹೋಗಿದ್ದರೆ ಮಾತ್ರ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ಅಪರಾಧದ ಸಂಖ್ಯೆ.